ಒಂದೇ 2.5 ಮಿಲಿಗ್ರಾಂ, ಎರಡು ಬೇರೆ ಮಾತ್ರೆ

ಮೆಟೊಲಾಜೋನ್ ಎಂಬ ಮಾತ್ರೆ ಹೃದಯ ದುರ್ಬಲವಾದವರ ಮೈಯಲ್ಲಿ ತುಂಬಿಕೊಂಡ ನೀರನ್ನು ಮೂತ್ರದ ಮೂಲಕ ಇಳಿಸುತ್ತದೆ. ಮೆಥೋಟ್ರೆಕ್ಸೇಟ್ ಎಂಬುದು ಸಂಧಿವಾತಕ್ಕೂ ಸೋರಿಯಾಸಿಸ್‌ಗೂ ಕೊಡುವ ಮಾತ್ರೆ. ಕ್ಯಾನ್ಸರ್ ಚಿಕಿತ್ಸೆಯಲ್ಲೂ ಅದರ ಬಳಕೆ ಇದೆ. ಕೆಲಸದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಯಾವ ನಂಟೂ ಇಲ್ಲ. ಆದರೆ ಇಂಗ್ಲಿಷಿನಲ್ಲಿ ಬರೆದಾಗ ಎರಡೂ ಒಂದೇ ಮೂರು ಅಕ್ಷರದಿಂದ ಶುರುವಾಗುತ್ತವೆ, ಎರಡೂ 2.5 ಮಿಲಿಗ್ರಾಂ ಮಾತ್ರೆಯಾಗಿ ಸಿಗುತ್ತವೆ, ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದರೆ ಎರಡೂ ಅಕ್ಕಪಕ್ಕದಲ್ಲೇ ಬಂದು ಕೂರುತ್ತವೆ. ಔಷಧ ಬಳಕೆಯ ಸುರಕ್ಷತೆಗಾಗಿ ಕೆಲಸ ಮಾಡುವ ಅಮೆರಿಕದ ಐಎಸ್‌ಎಂಪಿ ಸಂಸ್ಥೆ ಈ ಜೋಡಿಯ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ಒಂದೇ ಥರ ಕಾಣುವ ಔಷಧಿ ಹೆಸರುಗಳ ಜೋಡಿ ನೂರಾರಿವೆ. ಅವುಗಳಲ್ಲಿ ಇದೊಂದನ್ನೇ ಇಲ್ಲಿ ಆರಿಸಿಕೊಂಡಿದ್ದೇನೆ. ತಪ್ಪು ಯಾವ ದಾರಿಯಲ್ಲಿ ಬರುತ್ತದೆ, ಎಲ್ಲಿ ಸಿಕ್ಕಿಬೀಳುತ್ತದೆ ಎನ್ನುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಜೋಡಿ ಕಡಿಮೆ. ಅದನ್ನು ಒಂದು ಕಥೆಯಾಗಿ ಹೇಳುತ್ತೇನೆ. ಕಥೆಯ ಜನ ಕಲ್ಪಿತರು. ಮಾತ್ರೆ, ಪ್ರಮಾಣ ಮತ್ತು ಪರಿಣಾಮ ನಿಜವಾದವು.

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ. ಆಸ್ಪತ್ರೆಯ ನೆಲಮಹಡಿಯಲ್ಲಿ ಇಪ್ಪತ್ನಾಲ್ಕು ಗಂಟೆ ತೆರೆದಿರುವ ಮೆಡಿಕಲ್ ಶಾಪ್. ನೈಟ್ ಡ್ಯೂಟಿಯಲ್ಲಿ ಫಾರ್ಮಸಿಸ್ಟ್ ಶಾರದಾ, ಜೊತೆಗೆ ಬಿಲ್ ಹಾಕಿ ರ್‍ಯಾಕಿನಿಂದ ಔಷಧಿ ತೆಗೆದುಕೊಡುವ ಹುಡುಗ ಮಂಜು. ರಾತ್ರಿ ಮೂರು ಗಂಟೆ ದಾಟಿತ್ತು. ಮೂರನೇ ಮಹಡಿಯ ವಾರ್ಡಿನಿಂದ ಒಬ್ಬ ಯುವಕ ಚೀಟಿ ಹಿಡಿದು ಇಳಿದುಬಂದ. ಚೀಟಿಯಲ್ಲಿ ಮೂರು ಸಾಲು: ಫ್ಯುರೊಸೆಮೈಡ್ ಇಂಜೆಕ್ಷನ್, ಪೊಟ್ಯಾಸಿಯಂ ಕ್ಲೋರೈಡ್ ಸಿರಪ್, ಮೂರನೆಯದು ಒಂದು ಮಾತ್ರೆ. ಆ ಮಾತ್ರೆಯ ಹೆಸರಿನ ಮೊದಲ ಮೂರು ಅಕ್ಷರ ಸ್ಪಷ್ಟವಾಗಿದ್ದವು. ಮುಂದಿನದು ಒಂದು ಸುಳಿ, ಆಮೇಲೆ ಎಳೆದ ಗೆರೆ. ಅದರ ಮುಂದೆ 2.5 ಮಿಲಿಗ್ರಾಂ, ‘1-0-0’, ಐದು ದಿನ.

ಮಂಜು ಕಂಪ್ಯೂಟರಿನಲ್ಲಿ MET ಎಂದು ಒತ್ತಿದ. ಪಟ್ಟಿ ತೆರೆಯಿತು.

```
METFORMIN      500 MG
METHOTREXATE   2.5 MG
METOLAZONE     2.5 MG
METOPROLOL     25 MG
```

ಅವನು ಹುಡುಕುತ್ತಿದ್ದದ್ದು 2.5. ಮೇಲಿನಿಂದ ಕೆಳಗೆ ಬಂದ ಕಣ್ಣಿಗೆ ಮೊದಲು ಸಿಕ್ಕ 2.5 ಎರಡನೇ ಸಾಲಿನಲ್ಲಿತ್ತು. ಅದನ್ನೇ ಒತ್ತಿದ. ಬಿಲ್ ಬಂತು. ಬಿಲ್ಲಿನಲ್ಲಿದ್ದ ಹೆಸರು ನೋಡಿಕೊಂಡು ರ್‍ಯಾಕಿಗೆ ಹೋದ, ಅದೇ ಹೆಸರಿನ ಸ್ಟ್ರಿಪ್ಪಿನಿಂದ ಐದು ಮಾತ್ರೆ ಕತ್ತರಿಸಿ ತಂದ. ಬಿಲ್ಲಿಗೂ ಸ್ಟ್ರಿಪ್ಪಿಗೂ ಸರಿಯಾಗಿ ತಾಳೆಯಾಯಿತು. ತಾಳೆ ನೋಡಬೇಕಾದದ್ದು ಚೀಟಿಗೂ ಸ್ಟ್ರಿಪ್ಪಿಗೂ. ಮಂಜು ಮೈಗಳ್ಳನಲ್ಲ, ಅವಸರಗೇಡಿಯೂ ಅಲ್ಲ. ಒಂದು ಹೆಸರನ್ನು ಮನಸ್ಸು ಒಮ್ಮೆ ನಿರ್ಧರಿಸಿಬಿಟ್ಟರೆ ಆಮೇಲೆ ಕಣ್ಣು ಅದಕ್ಕೆ ಒಪ್ಪುವ ಗುರುತುಗಳನ್ನಷ್ಟೇ ಆರಿಸಿಕೊಳ್ಳುತ್ತದೆ. ಇಲ್ಲಂತೂ ಮೂರು ಅಕ್ಷರವೂ ಪ್ರಮಾಣವೂ ಒಪ್ಪಿಯೇಬಿಟ್ಟಿದ್ದವು. ಅದರ ಮೇಲೆ, ಮೈ ನಿದ್ದೆಗೆ ಎಳೆಯುವ ಬೆಳಗಿನ ಜಾವದ ಹೊತ್ತು.

ಮಂಜು ಮೂರನ್ನೂ ಕವರಿಗೆ ಹಾಕುವ ಮುಂಚೆ ಟ್ರೇಯಲ್ಲಿಟ್ಟು ಶಾರದಾ ಮುಂದೆ ಸರಿಸಿದ. ಶಾರದಾ ಸ್ಟ್ರಿಪ್ ನೋಡಲಿಲ್ಲ, ಬಿಲ್ಲನ್ನೂ ನೋಡಲಿಲ್ಲ. ಮೊದಲು ಚೀಟಿ ತೆಗೆದುಕೊಂಡು ಮೇಲಿನಿಂದ ಕೆಳಗೆ ಓದಿದರು. ಈ ಕ್ರಮ ಬಹಳ ಮುಖ್ಯ. ಸ್ಟ್ರಿಪ್ ಮೊದಲು ನೋಡಿದರೆ ಅದರ ಮೇಲಿನ ಹೆಸರು ತಲೆಯಲ್ಲಿ ಕೂತುಬಿಡುತ್ತದೆ, ಆಮೇಲೆ ಚೀಟಿಯ ಸುಳಿಯಲ್ಲೂ ಅದೇ ಕಾಣುತ್ತದೆ. ಚೀಟಿಯನ್ನು ಖಾಲಿ ಮನಸ್ಸಿನಿಂದ ಓದಿದಾಗ ಅವರಿಗೆ ಕಂಡದ್ದು ಇಷ್ಟು: ನೀರಿಳಿಸುವ ಇಂಜೆಕ್ಷನ್, ನೀರಿನ ಜೊತೆ ಹರಿದುಹೋಗುವ ಪೊಟ್ಯಾಸಿಯಂ ತುಂಬುವ ಸಿರಪ್, ದಿನಕ್ಕೊಂದರಂತೆ ಬೆಳಿಗ್ಗೆ ಮಾತ್ರ ಕೊಡುವ ಯಾವುದೋ ಮಾತ್ರೆ. ಇದು ಮೈ ಊದಿಕೊಂಡ ರೋಗಿಯ ಚೀಟಿ ಎಂದುಕೊಂಡರು. ಆಮೇಲೆ ಸ್ಟ್ರಿಪ್ ತಿರುಗಿಸಿದರು. ಮೆಥೋಟ್ರೆಕ್ಸೇಟ್ ಎಂದಿತ್ತು.

ಕೈ ಅಲ್ಲೇ ನಿಂತಿತು. ಅವರನ್ನು ತಡೆದದ್ದು ಹೆಸರಿಗಿಂತ ಹೆಚ್ಚಾಗಿ ‘1-0-0, ಐದು ದಿನ’ ಎಂಬ ಬರಹ. ಕ್ಯಾನ್ಸರಿನ ಕೆಲವು ಚಿಕಿತ್ಸೆಗಳನ್ನು ಬಿಟ್ಟರೆ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ದಿನವೂ ನುಂಗುವುದಿಲ್ಲ. ಸಂಧಿವಾತದವರು ವಾರದಲ್ಲಿ ಗೊತ್ತುಮಾಡಿದ ಒಂದು ದಿನ, ಅಂದರೆ ಪ್ರತಿ ಸೋಮವಾರವೋ ಪ್ರತಿ ಶುಕ್ರವಾರವೋ, ಮೂರು-ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಮಾತ್ರೆಯನ್ನು ಒಟ್ಟಿಗೆ ತೆಗೆದುಕೊಳ್ಳುತ್ತಾರೆ. ಅದರ ಜೊತೆ ಸಾಮಾನ್ಯವಾಗಿ ಫೋಲಿಕ್ ಆಸಿಡ್ ಇದ್ದೇ ಇರುತ್ತದೆ. ಈ ಚೀಟಿಯಲ್ಲಿ ವಾರದ ಮಾತೂ ಇಲ್ಲ, ಫೋಲಿಕ್ ಆಸಿಡ್ಡೂ ಇಲ್ಲ.

“ತಮ್ಮಾ, ಒಳಗಿರೋದು ಯಾರು? ಏನಾಗಿದೆ ಅವರಿಗೆ?” ಎಂದು ಕೇಳಿದರು.

“ನಮ್ಮಪ್ಪ ಅಕ್ಕಾ. ಹಾರ್ಟ್ ವೀಕ್ ಆಗಿದೆ ಅಂದ್ರು. ಕಾಲು ಹಿಂಗೆ ಊದಿಬಿಟ್ಟಿದೆ, ಮಲಗಿದ್ರೆ ಉಸಿರು ಕಟ್ಟುತ್ತೆ. ಇಂಜೆಕ್ಷನ್ ಕೊಟ್ರೂ ಮೂತ್ರ ಜಾಸ್ತಿ ಹೋಗ್ತಿಲ್ಲ ಅಂತ ಡಾಕ್ಟ್ರು ಇದನ್ನ ಬರೆದುಕೊಟ್ರು.”

“ಕೀಲು ನೋವು, ಸಂಧಿವಾತ, ಚರ್ಮದ ಕಾಯಿಲೆ ಅಂತ ಮೊದಲಿಂದ ಏನಾದರೂ ಔಷಧಿ ತಗೋತಿದ್ರಾ?”

“ಇಲ್ಲಕ್ಕಾ. ಬಿಪಿ ಮಾತ್ರೆ ಒಂದೇ. ಕಿಡ್ನಿನೂ ಸ್ವಲ್ಪ ವೀಕ್ ಅಂದಿದ್ರು.”

ಇಷ್ಟಾದ ಮೇಲೆ ಶಾರದಾ ಅವರಿಗೆ ಉತ್ತರ ಗೊತ್ತಾಗಿತ್ತು. ಇಂಜೆಕ್ಷನ್ ಒಂದರಿಂದಲೇ ನೀರು ಇಳಿಯದಿದ್ದಾಗ ಫ್ಯುರೊಸೆಮೈಡ್ ಜೊತೆ ಮೆಟೊಲಾಜೋನ್ ಸೇರಿಸುವುದು ವೈದ್ಯರ ರೂಢಿ. ಮೂತ್ರಪಿಂಡದ ಬೇರೆ ಬೇರೆ ಜಾಗದಲ್ಲಿ ಕೆಲಸ ಮಾಡುವ ಎರಡೂ ಸೇರಿದಾಗ ಮೂತ್ರ ಚೆನ್ನಾಗಿ ಹೋಗುತ್ತದೆ. ಅದರ ಜೊತೆ ಪೊಟ್ಯಾಸಿಯಂ ಕೂಡ ಹೋಗುವುದರಿಂದಲೇ ಚೀಟಿಯಲ್ಲಿ ಆ ಸಿರಪ್ ಇದ್ದದ್ದು. ಎಲ್ಲ ಹೊಂದಿಕೆಯಾಗುತ್ತಿತ್ತು. ಆದರೂ ಅವರು ಮೆಟೊಲಾಜೋನ್ ತೆಗೆದುಕೊಟ್ಟು ಕಳಿಸಲಿಲ್ಲ. ಊಹೆ ಎಷ್ಟೇ ಗಟ್ಟಿಯಾಗಿದ್ದರೂ ಔಷಧಿಯನ್ನು ತೀರ್ಮಾನಿಸಬೇಕಾದದ್ದು ಬರೆದ ವೈದ್ಯರು. ವೈದ್ಯರ ಚೀಟಿ ಕಡ್ಡಾಯವಾದ ಶೆಡ್ಯೂಲ್ ಎಚ್ ಔಷಧಿಗಳಲ್ಲಿ, ಬರೆದದ್ದರ ಬದಲು ಬೇರೆಯದನ್ನು ತಾನಾಗಿ ಕೊಡುವಂತಿಲ್ಲ ಎಂದು ನಮ್ಮ ಔಷಧ ನಿಯಮಗಳೂ ಹೇಳುತ್ತವೆ.

ಅವರು ವಾರ್ಡಿಗೆ ಫೋನ್ ಮಾಡಿದರು. ಈ ಫೋನನ್ನು ಮಾಡುವುದರಲ್ಲೂ ಒಂದು ಹದ ಇದೆ. “ಸರ್, ಅದು ಮೆಟೊಲಾಜೋನ್ ಅಲ್ವಾ?” ಎಂದು ಕೇಳಿದರೆ ನಾಲ್ಕು ಕಡೆ ಓಡಾಡಿ ದಣಿದ ಡ್ಯೂಟಿ ಡಾಕ್ಟರು “ಹೂಂ” ಎಂದುಬಿಡಬಹುದು. “ಮೆಥೋಟ್ರೆಕ್ಸೇಟಾ?” ಎಂದು ಕೇಳಿದರೂ ಗದ್ದಲದಲ್ಲಿ ಅರ್ಧ ಕೇಳಿಸಿಕೊಂಡು ಅದೇ “ಹೂಂ” ಬರಬಹುದು, ಫೋನಿನಲ್ಲಿ ಎರಡು ಹೆಸರೂ ಅಷ್ಟು ದೂರವೇನಿಲ್ಲ. ಅದಕ್ಕೇ ಶಾರದಾ ತಾವು ಯಾವ ಹೆಸರನ್ನೂ ಬಾಯಿಗೆ ತರಲಿಲ್ಲ.

“ಡಾಕ್ಟ್ರೇ, ಫಾರ್ಮಸಿಯಿಂದ ಶಾರದಾ. ಹಾರ್ಟ್ ಪೇಷಂಟ್ ಚೀಟಿ ಬಂದಿದೆ. ಮೂರನೇ ಮಾತ್ರೆ ಯಾವುದು, ಯಾಕೆ ಕೊಡ್ತಿದ್ದೀರಿ ಸ್ವಲ್ಪ ಹೇಳಿ.”

“ಮೆಟೊಲಾಜೋನ್. ಲೇಸಿಕ್ಸ್ ಇಂಜೆಕ್ಷನ್ ಒಂದರಲ್ಲೇ ಯೂರಿನ್ ಔಟ್‌ಪುಟ್ ಬರ್ತಿಲ್ಲ.”

“ಸ್ಪೆಲ್ಲಿಂಗ್ ಹೇಳ್ತೀನಿ ಸರ್, ಸರಿಯಾ ನೋಡಿ. ಎಂ, ಇ, ಟಿ, ಓ, ಎಲ್. ಮೆಟೊಲಾಜೋನ್ 2.5, ಬೆಳಿಗ್ಗೆ ಒಂದು, ನೀರಿಳಿಸೋದಕ್ಕೆ.”

“ಕರೆಕ್ಟ್.”

“ಚೀಟಿಯಲ್ಲಿ ಹೆಸರು ಸ್ಪಷ್ಟ ಇಲ್ಲ. ಇಲ್ಲಿ ಮೆಥೋಟ್ರೆಕ್ಸೇಟ್ ಬಿಲ್ ಆಗಿತ್ತು ಸರ್. ದೊಡ್ಡಕ್ಷರದಲ್ಲಿ ಇನ್ನೊಂದು ಬರೆದು ಕಳಿಸಿ, ಅಲ್ಲೀವರೆಗೂ ಕಾಯ್ತೀನಿ.”

ಆ ಕಡೆ ಒಂದು ಕ್ಷಣ ಮಾತಿಲ್ಲ. “ಈಗಲೇ ಕಳಿಸ್ತೀನಿ,” ಎಂದರು ಡಾಕ್ಟರು.

ಹೊಸ ಚೀಟಿ ಬಂತು. ಹಳೇ ಬಿಲ್ ರದ್ದಾಗಿ ಹೊಸದು ಬಂತು. ಮಂಜು ಕತ್ತರಿಸಿದ ಐದು ಮಾತ್ರೆಯನ್ನು ಮತ್ತೆ ರ್‍ಯಾಕಿಗೆ ತುರುಕಲು ಹೋದಾಗ ಶಾರದಾ ತಡೆದರು. ಹೆಸರು ಹರಿದುಹೋದ ತುಂಡು ರ್‍ಯಾಕಿನಲ್ಲಿ ಸಡಿಲವಾಗಿ ಬಿದ್ದಿದ್ದರೆ ಅದು ಮುಂದಿನ ತಪ್ಪಿಗೆ ದಾರಿ. ಬ್ಯಾಚ್ ನಂಬರೂ ಅವಧಿ ಮುಗಿಯುವ ತಿಂಗಳೂ ಇರುವ ಉಳಿದ ತುಂಡಿನ ಜೊತೆ ಸೇರಿಸಿ ಕವರಿಗೆ ಹಾಕಿ, ಮೇಲೆ ಹೆಸರು ಬರೆಸಿದರು.

ಆ ಐದು ಮಾತ್ರೆ ಒಳಗೆ ಹೋಗಿದ್ದರೆ ಏನಾಗುತ್ತಿತ್ತು? ಇಲ್ಲಿ ಲೆಕ್ಕ ಹಾಕಿದವರಿಗೆ ಒಂದು ಅನುಮಾನ ಬರುವುದು ಸಹಜ. ದಿನಕ್ಕೆ 2.5ರಂತೆ ಐದು ದಿನಕ್ಕೆ 12.5 ಮಿಲಿಗ್ರಾಂ. ಸಂಧಿವಾತದವರು ವಾರದ ಒಂದೇ ದಿನ ಅಷ್ಟನ್ನು, ಕೆಲವೊಮ್ಮೆ ಅದಕ್ಕಿಂತ ಹೆಚ್ಚನ್ನು ತೆಗೆದುಕೊಳ್ಳುತ್ತಾರಲ್ಲ? ಹೌದು, ತೆಗೆದುಕೊಳ್ಳುತ್ತಾರೆ. ಆದರೆ ಈ ಔಷಧಿಯ ವಿಷಯದಲ್ಲಿ ಒಟ್ಟು ಮೊತ್ತದಷ್ಟೇ ಅಂತರವೂ ಮುಖ್ಯ. ಮೆಥೋಟ್ರೆಕ್ಸೇಟ್ ಜೀವಕೋಶಗಳು ಫೋಲೇಟನ್ನು ಬಳಸಿಕೊಳ್ಳದಂತೆ ತಡೆಯುತ್ತದೆ. ಫೋಲೇಟಿಲ್ಲದೆ ಕೋಶ ಇಬ್ಭಾಗವಾಗಿ ಬೆಳೆಯಲಾರದು. ವಾರಕ್ಕೊಮ್ಮೆ ಕೊಟ್ಟಾಗ ನಡುವಿನ ದಿನಗಳಲ್ಲಿ ಮೂಳೆಮಜ್ಜೆ, ಬಾಯಿ ಮತ್ತು ಕರುಳಿನ ಒಳಪದರದಂಥ ಬೇಗ ಬೆಳೆಯುವ ಜಾಗಗಳು ಚೇತರಿಸಿಕೊಳ್ಳುತ್ತವೆ. ದಿನವೂ ಕೊಟ್ಟರೆ ಆ ಬಿಡುವೇ ಸಿಗುವುದಿಲ್ಲ.

ಈ ರೋಗಿಗೆ ಇನ್ನೂ ಎರಡು ಕಷ್ಟಗಳಿದ್ದವು. ಮೆಥೋಟ್ರೆಕ್ಸೇಟ್ ಮೈಯಿಂದ ಹೊರಹೋಗುವುದು ಮುಖ್ಯವಾಗಿ ಕಿಡ್ನಿಯ ಮೂಲಕ, ಅವರ ಕಿಡ್ನಿಯೇ ದುರ್ಬಲ. ಜೊತೆಗೆ ಎದೆಗೂಡಿನಲ್ಲಿ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಔಷಧಿ ಆ ನೀರಿನಲ್ಲಿ ಸೇರಿಕೊಂಡು ನಿಧಾನವಾಗಿ ರಕ್ತಕ್ಕೆ ಮರಳುತ್ತಲೇ ಇರುತ್ತದೆ. ಬೇರೆಯವರಿಗೆ ಸಣ್ಣದೆನಿಸುವ ಪ್ರಮಾಣ ಇಂಥವರಿಗೆ ಪ್ರಾಣಾಂತಿಕವಾಗಬಲ್ಲದು. ಇನ್ನೊಂದು ಕಡೆ, ಬೇಕಾಗಿದ್ದ ನೀರಿಳಿಸುವ ಮಾತ್ರೆ ಸಿಗದೆ ಊತ ಹಾಗೇ ಉಳಿದು ಉಸಿರಾಟ ಇನ್ನಷ್ಟು ಕಷ್ಟವಾಗುತ್ತಿತ್ತು. ಮಾತ್ರೆ ಹತ್ತುತ್ತಿಲ್ಲ ಎಂದುಕೊಂಡು ವೈದ್ಯರು ಇನ್ನೂ ಐದು ದಿನಕ್ಕೆ ಬರೆದಿದ್ದರೆ ಅದೇ ತಪ್ಪು ಮುಂದುವರಿಯುತ್ತಿತ್ತು.

ಶಾರದಾ ಮರುದಿನ ಡ್ಯೂಟಿ ಮುಗಿಸಿ ಹೋಗುವ ಮುನ್ನ ಮಂಜುವನ್ನು ಬೈಯಲಿಲ್ಲ. ನಡೆದದ್ದನ್ನು ರಿಜಿಸ್ಟರಿನಲ್ಲಿ ಬರೆದು, ಅಂಗಡಿಯಲ್ಲಿ ಮೂರು ಬದಲಾವಣೆ ಮಾಡಿಸಿದರು. ಮೆಡಿಕಲ್ ಶಾಪ್ ನಡೆಸುವವರು ಇದನ್ನು ಓದುತ್ತಿದ್ದರೆ ಇದೊಂದು ಭಾಗವನ್ನು ನಿಧಾನವಾಗಿ ಓದಬೇಕು. ಮೊದಲನೆಯದು ಹುಡುಕುವ ಪದ್ಧತಿ: ಔಷಧಿ ಹುಡುಕುವಾಗ ಮೂರಲ್ಲ, ಕನಿಷ್ಠ ಐದು ಅಕ್ಷರ ಒತ್ತುವುದು. METHO ಎಂದರೆ ಒಂದು, METOL ಎಂದರೆ ಇನ್ನೊಂದು. ಎರಡೂ ಒಂದೇ ಪಟ್ಟಿಯಲ್ಲಿ ಬರುವುದೇ ಇಲ್ಲ. ಚೀಟಿಯಲ್ಲಿ ಐದನೇ ಅಕ್ಷರ ಓದಲಾಗದಿದ್ದರೆ ಅಲ್ಲೇ ನಿಲ್ಲಬೇಕಾಗುತ್ತದೆ, ಹಾಗೆ ನಿಲ್ಲುವುದೇ ಬೇಕಾದದ್ದು. ಎರಡನೆಯದು ಜಾಗ: ಮೆಥೋಟ್ರೆಕ್ಸೇಟನ್ನು ಅಕ್ಷರ ಕ್ರಮದ ರ್‍ಯಾಕಿನಿಂದ ತೆಗೆದು ಮುಚ್ಚಳವಿರುವ ಪ್ರತ್ಯೇಕ ಡಬ್ಬಿಯಲ್ಲಿ ಇಡುವುದು, ಡಬ್ಬಿಯ ಮೇಲೆ ‘ವಾರಕ್ಕೊಮ್ಮೆ ಮಾತ್ರ? ಯಾವ ದಿನ ಎಂದು ಕೇಳಿ’ ಎಂದು ಕೆಂಪಕ್ಷರದಲ್ಲಿ ಬರೆಯುವುದು. ಮೂರನೆಯದು ಪರದೆಯ ಮೇಲಿನ ಹೆಸರು. ಹೋಲುವ ಹೆಸರುಗಳಲ್ಲಿ ಬೇರೆಯಾಗುವ ಭಾಗವನ್ನಷ್ಟೇ ದೊಡ್ಡಕ್ಷರದಲ್ಲಿ ತೋರಿಸುವ ಪದ್ಧತಿಯೊಂದು ಹಲವು ದೇಶಗಳ ಆಸ್ಪತ್ರೆಗಳಲ್ಲಿದೆ. ಬಿಪಿ ಇಳಿಸುವ ಒಂದು ಔಷಧಿಯನ್ನು hydrALAZINE ಎಂದೂ, ತುರಿಕೆಗೆ ಕೊಡುವ ಇನ್ನೊಂದನ್ನು hydrOXYzine ಎಂದೂ ಬರೆಯುತ್ತಾರೆ. ಕಣ್ಣು ದೊಡ್ಡಕ್ಷರದ ಮೇಲೆ ನಿಲ್ಲುತ್ತದೆ. ಇದು ಮೂರರಲ್ಲಿ ದುರ್ಬಲವಾದ ಉಪಾಯ, ಇದನ್ನೊಂದೇ ನಂಬಿ ಕೂರುವಂತಿಲ್ಲ. ನನ್ನ ದೃಷ್ಟಿಯಲ್ಲಿ ಪ್ರತ್ಯೇಕ ಡಬ್ಬಿಯೇ ಎಲ್ಲಕ್ಕಿಂತ ಗಟ್ಟಿ, ಏಕೆಂದರೆ ನಿದ್ದೆಗಣ್ಣಿನಲ್ಲಿದ್ದವನೂ ಮುಚ್ಚಳ ತೆಗೆಯಲೇಬೇಕು.

ನಮ್ಮ ದೇಶದಲ್ಲಿ ಈ ಗೊಂದಲಕ್ಕೆ ಇನ್ನೊಂದು ಪದರವಿದೆ. ಒಂದೇ ಔಷಧಿಯನ್ನು ಹತ್ತಾರು ಕಂಪನಿಗಳು ಹತ್ತಾರು ಹೆಸರಿನಲ್ಲಿ ಮಾರುತ್ತವೆ, ಆ ಹೆಸರುಗಳೂ ಒಂದನ್ನೊಂದು ಹೋಲುತ್ತವೆ. ಇದು ಸುಪ್ರೀಂ ಕೋರ್ಟಿನ ತನಕ ಹೋಗಿದೆ. 2001ರಲ್ಲಿ ಕ್ಯಾಡಿಲಾ ಹೆಸರಿನ ಎರಡು ಕಂಪನಿಗಳ ನಡುವೆ, ಮಲೇರಿಯಾದ ‘ಫಾಲ್ಸಿಗೋ’ ಮತ್ತು ‘ಫಾಲ್ಸಿಟ್ಯಾಬ್’ ಎಂಬ ಔಷಧಿಗಳ ಹೆಸರಿನ ವ್ಯಾಜ್ಯದಲ್ಲಿ, ಔಷಧಿ ಹೆಸರುಗಳ ಹೋಲಿಕೆಯನ್ನು ಉಳಿದ ಸರಕುಗಳಿಗಿಂತ ಬಿಗಿಯಾದ ಅಳತೆಯಲ್ಲಿ ನೋಡಬೇಕು ಎಂದು ನ್ಯಾಯಾಲಯ ಹೇಳಿತು. ಸೋಪಿನ ಹೆಸರು ಗೊಂದಲವಾದರೆ ಹಣ ಹೋಗಬಹುದು, ಮಾತ್ರೆಯದ್ದಾದರೆ ಪ್ರಾಣವೇ ಹೋಗಬಹುದು. ತಮ್ಮ ಬ್ರ್ಯಾಂಡ್ ಹೆಸರು ಈಗಾಗಲೇ ಇರುವ ಇನ್ನೊಂದನ್ನು ಹೋಲುವುದಿಲ್ಲ ಎಂದು ಕಂಪನಿಗಳು ಮುಚ್ಚಳಿಕೆ ಕೊಡಬೇಕೆಂಬ ನಿಯಮ 2019ರಲ್ಲಿ ಬಂತು. ಔಷಧಿಯ ಮೂಲ ಹೆಸರನ್ನು ಓದುವಂತೆ, ಸಾಧ್ಯವಾದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ಆಗಿನ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ವೈದ್ಯರಿಗೆ ಹೇಳಿತ್ತು. ಅದನ್ನು ಪಾಲಿಸಿದ ಚೀಟಿಯಾಗಿದ್ದರೆ ಆ ರಾತ್ರಿಯ ಸುಳಿಗೆ ಜಾಗವೇ ಇರುತ್ತಿರಲಿಲ್ಲ.

ಇನ್ನು ಕೌಂಟರಿನ ಈಚೆ ನಿಂತ ನಮ್ಮ ವಿಷಯ. ಆ ಯುವಕ ಏನು ಮಾಡಬಹುದಿತ್ತು? ಚೀಟಿ ಓದಲು ಬರಬೇಕೆಂದೇನಿಲ್ಲ. ವೈದ್ಯರು ಹೊಸ ಮಾತ್ರೆ ಬರೆಯುವಾಗಲೇ “ಇದು ಯಾತಕ್ಕೆ ಡಾಕ್ಟ್ರೇ?” ಎಂದು ಕೇಳಿಕೊಂಡು ಬರಬೇಕು. ಔಷಧಿ ಕೈಗೆ ಬಂದಾಗ ಅದೇ ಪ್ರಶ್ನೆಯನ್ನು ಫಾರ್ಮಸಿಸ್ಟರಿಗೆ ಕೇಳಬೇಕು. “ಇದು ನೀರಿಳಿಯೋಕೆ ಅಂದ್ರು, ಹೌದಲ್ವಾ?” ಎಂದು ಉತ್ತರವನ್ನೂ ನಾವೇ ಕೊಟ್ಟುಬಿಡಬಾರದು, “ಇದು ಯಾತಕ್ಕೆ?” ಎಂದಷ್ಟೇ ಕೇಳಿ ಸುಮ್ಮನಿರಬೇಕು. ಎರಡು ಕಡೆಯ ಉತ್ತರ ಒಂದೇ ಆಗಿದ್ದರೆ ಸರಿ. ಒಂದು ಕಡೆ ‘ಊತಕ್ಕೆ’, ಇನ್ನೊಂದು ಕಡೆ ‘ಕೀಲುನೋವಿಗೆ’ ಎಂದು ಬಂದರೆ ಕೌಂಟರ್ ಬಿಟ್ಟು ಕದಲಬಾರದು. ಹಿಂದೆ ಕ್ಯೂ ಎಷ್ಟೇ ಉದ್ದವಿರಲಿ.

ಮನೆಯಲ್ಲಿ ದಿನವೂ ನುಂಗುವ ಮಾತ್ರೆಗಳಿದ್ದರೆ ಹಳೇ ಸ್ಟ್ರಿಪ್ ಖಾಲಿಯಾದರೂ ಹೊಸದು ಬರುವ ತನಕ ಎಸೆಯಬೇಡಿ. ಹೊಸದರ ಬಣ್ಣ, ಆಕಾರ ಬೇರೆಯಾಗಿದ್ದರೆ ಕಂಪನಿ ಬದಲಾಗಿರಬಹುದು, ಔಷಧಿಯೇ ಬದಲಾಗಿರಲೂಬಹುದು. ಎರಡೂ ಸ್ಟ್ರಿಪ್ ಪಕ್ಕಪಕ್ಕ ಹಿಡಿದು, ದೊಡ್ಡದಾಗಿ ಬರೆದ ಬ್ರ್ಯಾಂಡ್ ಹೆಸರನ್ನು ಬಿಟ್ಟು, ಜೊತೆಗಿರುವ ಔಷಧಿಯ ಮೂಲ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ಕೊನೆಯ ಅಕ್ಷರದ ತನಕ ಹೋಗಬೇಕು. ಐದೋ ಆರೋ ಮಾತ್ರೆ ಬೇಕಾದಾಗ ಸ್ಟ್ರಿಪ್ ಕತ್ತರಿಸಿ ಕೊಡುವುದು ನಮ್ಮಲ್ಲಿ ಮಾಮೂಲು. ಹೆಸರಿಲ್ಲದ ತುಂಡು ಬಂದರೆ ಕವರಿನ ಮೇಲೆ ಹೆಸರು, ಪ್ರಮಾಣ, ಅವಧಿ ಮುಗಿಯುವ ತಿಂಗಳು ಬರೆದುಕೊಡಿ ಎಂದು ಕೇಳಿ. ಬಿಲ್ ಜೋಪಾನ ಮಾಡಿ, ಅದರಲ್ಲಿ ಬ್ಯಾಚ್ ನಂಬರ್ ಇರುತ್ತದೆ.

ಮನೆಯಲ್ಲಿ ಯಾರಿಗಾದರೂ ಸಂಧಿವಾತಕ್ಕೆಂದೇ ಮೆಥೋಟ್ರೆಕ್ಸೇಟ್ ಕೊಟ್ಟಿದ್ದರೆ ವಾರದ ಯಾವ ದಿನ ಎಂಬುದನ್ನು ಚೀಟಿಯಲ್ಲೇ ಬರೆಸಿಕೊಳ್ಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆಸ್ಪತ್ರೆ ಬದಲಾದಾಗ, ಊರಿಂದ ಬಂದ ಮಗನೋ ಸೊಸೆಯೋ ಮಾತ್ರೆ ಕೊಡುವ ಜವಾಬ್ದಾರಿ ತೆಗೆದುಕೊಂಡಾಗ, ವಾರದ ಮಾತ್ರೆ ದಿನದ ಮಾತ್ರೆಯಾಗಿಬಿಡುವುದು ಸುಲಭ. ಇಲ್ಲಿ ಹೆಸರು ಸರಿಯಿದ್ದರೂ ತೊಂದರೆ ಅದೇ.

ತಪ್ಪು ಮಾತ್ರೆ ಒಳಗೆ ಹೋಗಿಯೇಬಿಟ್ಟಿದೆ ಎಂಬ ಅನುಮಾನ ಬಂದರೆ ಲಕ್ಷಣಕ್ಕಾಗಿ ಕಾಯಬಾರದು. ಬಾಯಲ್ಲಿ ಹುಣ್ಣು, ಗಂಟಲು ಉರಿ, ಭೇದಿ, ಜ್ವರ, ಮುಟ್ಟಿದಲ್ಲಿ ನೀಲಿಗಟ್ಟುವುದು, ವಸಡಿನಲ್ಲಿ ರಕ್ತ, ಇವೆಲ್ಲ ಮೆಥೋಟ್ರೆಕ್ಸೇಟ್ ಮೈಗೆ ಹೆಚ್ಚಾದ ಗುರುತುಗಳು. ಇವು ಕಾಣಿಸಿಕೊಳ್ಳಲು ಕೆಲವು ದಿನ ಹಿಡಿಯಬಹುದು, ಅಷ್ಟರಲ್ಲಿ ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಇಳಿಯತೊಡಗಿರುತ್ತವೆ. ಮಾತ್ರೆ ನಿಲ್ಲಿಸಿ, ಸ್ಟ್ರಿಪ್, ಬಿಲ್, ಚೀಟಿ ಮೂರನ್ನೂ ಹಿಡಿದು ದೊಡ್ಡ ಆಸ್ಪತ್ರೆಗೆ ಹೋಗಿ, ಎಷ್ಟು ಮಾತ್ರೆ, ಯಾವ ಯಾವ ದಿನ ನುಂಗಿದ್ದು ಎಂದು ಹೇಳಿ. ಅಲ್ಲಿ ರಕ್ತಕಣಗಳ ಎಣಿಕೆ, ಕಿಡ್ನಿ ಮತ್ತು ಲಿವರ್ ಪರೀಕ್ಷೆ ಮಾಡುತ್ತಾರೆ. ಇದಕ್ಕೆ ಫೋಲಿನಿಕ್ ಆಸಿಡ್ ಎಂಬ ಪ್ರತ್ಯೌಷಧಿ ಇದೆ, ಬೇಗ ಕೊಟ್ಟಷ್ಟೂ ಕೆಲಸ ಮಾಡುತ್ತದೆ. ಮನೆಯಲ್ಲಿ ಬಸುರಿಗೆ ತಂದಿಟ್ಟ ಫೋಲಿಕ್ ಆಸಿಡ್ ಮಾತ್ರೆ ಇದೆಯಲ್ಲ ಎಂದು ಅದನ್ನು ನುಂಗಿಸಿ ಸುಮ್ಮನಾಗಬೇಡಿ. ಅದು ಮೈಯಲ್ಲಿ ಕೆಲಸಕ್ಕೆ ಬರಬೇಕಾದರೆ ಮೆಥೋಟ್ರೆಕ್ಸೇಟ್ ಕಟ್ಟಿಹಾಕಿರುವ ಹೆಜ್ಜೆಯನ್ನೇ ದಾಟಬೇಕು. ಫೋಲಿನಿಕ್ ಆಸಿಡ್‌ಗೆ ಆ ಹೆಜ್ಜೆ ಬೇಕಿಲ್ಲ. ಈ ಎರಡು ಹೆಸರೂ ಅಕ್ಕತಂಗಿಯರಂತೆ ಕಾಣುತ್ತವೆ, ಆದ್ದರಿಂದ ಆಸ್ಪತ್ರೆಯಲ್ಲಿ ಅದನ್ನು ಬರೆದುಕೊಟ್ಟು ತರಲು ಕಳಿಸಿದಾಗಲೂ ಕೌಂಟರಿನಲ್ಲಿ ‘ಯಾತಕ್ಕೆ’ ಎಂಬ ಅದೇ ಪ್ರಶ್ನೆಯನ್ನು ಕೇಳಿಯೇ ತನ್ನಿ.